ಈ ವಾರದ ಎಂಟು ಪದ, ನಿಮ್ಮ ಅಡುಗೆಮನೆಯಲ್ಲಿ

ಐದನೇ ತರಗತಿಯ ಮಕ್ಕಳ ತಂದೆ-ತಾಯಂದಿರಿಗೆ.

ಕಳೆದ ವಾರ ಒಬ್ಬ ಹುಡುಗ ‘ನೈಫ್’ ಎಂಬ ಪದವನ್ನು ಇಪ್ಪತ್ತು ಸಲ ಬರೆದುಕೊಂಡು ಬಂದ. ಅಕ್ಷರ ಮುದ್ದಾಗಿತ್ತು. ಪುಸ್ತಕ ಮುಚ್ಚಿಸಿ, ‘ಚಾಕುವಿಗೆ ಇಂಗ್ಲಿಷಿನಲ್ಲಿ ಏನಂತಾರೆ, ಬೋರ್ಡಿನ ಮೇಲೆ ಬರಿ’ ಎಂದೆ. ‘ಎನ್’ ಬರೆದು ನಿಂತುಬಿಟ್ಟ. ಹೇಗೆ ಬರೆದೆ ಎಂದು ಕೇಳಿದಾಗ ಗೊತ್ತಾಯಿತು. ಮೊದಲು ಮೇಲಿನಿಂದ ಕೆಳಕ್ಕೆ ಇಪ್ಪತ್ತು ‘ಕೆ’ ಬರೆದಿದ್ದ, ಆಮೇಲೆ ಅವುಗಳ ಪಕ್ಕ ಇಪ್ಪತ್ತು ‘ಎನ್’, ಹೀಗೆ ಕಂಬಸಾಲು ಇಳಿಸುತ್ತಾ ಹೋಗಿದ್ದ. ಪದವನ್ನು ಅವನು ಒಂದು ಸಲವೂ ಇಡಿಯಾಗಿ ಬರೆದಿರಲಿಲ್ಲ. ಇನ್ನೊಂದು ಪುಸ್ತಕದಲ್ಲಿ ಮೂರನೇ ಸಾಲಿಗೆ ತಪ್ಪಿದ ಅಕ್ಷರ ಇಪ್ಪತ್ತನೆಯ ಸಾಲಿನವರೆಗೂ ಹಾಗೆಯೇ ಇಳಿದಿತ್ತು. ಆ ಮಗು ತಪ್ಪನ್ನೇ ಹದಿನೆಂಟು ಸಲ ಅಭ್ಯಾಸ ಮಾಡಿತ್ತು.

‘ಹತ್ತು ಸಲ ಬರೆಸಿ’ ಎಂದು ವರ್ಷಗಟ್ಟಲೆ ನಿಮಗೆ ಹೇಳುತ್ತಾ ಬಂದವಳು ನಾನೇ. ಇನ್ನು ಮುಂದೆ ಬೇಡ. ಕಣ್ಣೆದುರು ಪದ ಇರುವಾಗ ನಕಲು ಮಾಡುವುದಕ್ಕೆ ಕೈ ಸಾಕು, ನೆನಪು ಬೇಕಾಗುವುದಿಲ್ಲ. ಪದ ಮರೆಯಾಗಿದ್ದು, ಅದನ್ನು ಒಳಗಿನಿಂದ ಹುಡುಕಿ ತೆಗೆಯಬೇಕಾಗಿ ಬಂದಾಗ ಮಾತ್ರ ಅದು ನೆಲೆ ನಿಲ್ಲುತ್ತದೆ. ಆದ್ದರಿಂದ ಮನೆಯಲ್ಲಿ ನಿಮ್ಮ ಕೆಲಸ ಇಂಗ್ಲಿಷ್ ಕಲಿಸುವುದಲ್ಲ, ಕೇಳುವುದು. ಕೇಳುವುದಕ್ಕೆ ನಿಮಗೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ.

ಈ ವಾರದ ಎಂಟು ಪದಗಳೂ ಅಡುಗೆಮನೆಯವು: ಸ್ಪೂನ್, ಪ್ಲೇಟ್, ನೈಫ್, ಸಾಲ್ಟ್, ಸ್ಟೋವ್, ಪೀಲ್, ಬಾಯಿಲ್, ಪೋರ್. ಹಳೆಯ ಲಗ್ನಪತ್ರಿಕೆಗಳಿದ್ದರೆ ಎಸೆಯಬೇಡಿ. ಅವನ್ನು ಅಂಗೈಯಗಲ ಕತ್ತರಿಸಿ ಮಕ್ಕಳ ಕೈಗೆ ಕೊಡಿ. ಅಚ್ಚಿಲ್ಲದ ಕಡೆ ಮಗು ಒಂದು ಚಿತ್ರ ಬರೆಯಲಿ. ಹಿಂದೆ ಬಿಳಿ ಚೀಟಿ ಅಂಟಿಸಿ, ಶಾಲೆಯ ಪುಸ್ತಕ ನೋಡಿಕೊಂಡು ಇಂಗ್ಲಿಷ್ ಪದ ಬರೆಯಲಿ. ಪದದ ಕೆಳಗೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆಸಬೇಡಿ. ಬರೆಸಿದರೆ ಕಣ್ಣು ನೇರ ಕನ್ನಡಕ್ಕೇ ಹೋಗುತ್ತದೆ, ಇಂಗ್ಲಿಷ್ ಅಕ್ಷರಗಳು ಅಲಂಕಾರಕ್ಕೆ ಉಳಿಯುತ್ತವೆ. ಉಚ್ಚಾರಕ್ಕೆಂದು ಸೋಮವಾರ ಸಂಜೆ ತರಗತಿಯ ವಾಟ್ಸಾಪ್ ಗುಂಪಿಗೆ ಎಂಟೂ ಪದಗಳನ್ನು ನಿಧಾನವಾಗಿ ಹೇಳಿ ಕಳಿಸುತ್ತೇನೆ. ಒಂದೊಂದು ಪದ ಕೇಳಿಸಿ, ನಿಲ್ಲಿಸಿ, ಮಗುವಿನಿಂದ ಹೇಳಿಸಿ. ಅದು ‘ಇಸ್ಪೂನು’ ಎಂದರೆ ಮತ್ತೊಮ್ಮೆ ಕೇಳಿಸಿದರೆ ಸಾಕು. ನಮ್ಮ ಮಾತಿನ ಲಯಕ್ಕೆ ಮುಂದೊಂದು ‘ಇ’, ಕೊನೆಗೊಂದು ‘ಉ’ ಸೇರಿಕೊಳ್ಳುವುದು ಸಹಜ. ಅದಕ್ಕೆ ನಗಬೇಡಿ.

ಈಗ ಕೇಳುವ ಕ್ರಮ. ಚಿತ್ರದ ಕಡೆ ತೋರಿಸಿ. ಮಗು ಮೊದಲು ಪದ ಹೇಳಬೇಕು, ಆಮೇಲೆ ಸ್ಲೇಟಿನ ಮೇಲೆ ಬರೆಯಬೇಕು. ಬರೆದಾದ ಮೇಲೆ ಕಾರ್ಡು ತಿರುಗಿಸಿ, ಸ್ಲೇಟಿನ ಪಕ್ಕ ಇಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹೋಲಿಸಿ. ಇಂಗ್ಲಿಷ್ ಓದಲು ಬಾರದ ಅಜ್ಜಿಯೂ ಎರಡು ಆಕಾರ ಒಂದೇ ಇವೆಯೋ ಇಲ್ಲವೋ ಎಂದು ಹೇಳಬಲ್ಲರು. ನೆನಪಾಗದೆ ತಡಕಾಡಿದರೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಕೂಡಲೇ ಹೇಳಿಕೊಟ್ಟರೆ ಆ ಹುಡುಕಾಟವೇ ತಪ್ಪಿಹೋಗುತ್ತದೆ.

ತಪ್ಪಾದರೆ ಇಡೀ ಪದ ಮತ್ತೆ ಮತ್ತೆ ಬರೆಸಬೇಡಿ, ತಪ್ಪಿದ ಜಾಗವನ್ನಷ್ಟೇ ನೋಡಿ. ‘ಸಾಲ್ಟ್’ ಪದದಲ್ಲಿ ಎರಡನೆಯದು ‘ಎ’. ಹಲವು ಮಕ್ಕಳು ‘ಒ’ ಬರೆಯುತ್ತಾರೆ. ಅದು ದಡ್ಡತನವಲ್ಲ, ಕಿವಿಗೆ ಹಾಗೇ ಕೇಳುತ್ತದೆ. ಕನ್ನಡದಲ್ಲಿ ಕೇಳಿದಂತೆ ಬರೆದು ರೂಢಿಯಾದ ಮಗು ಇಲ್ಲಿಯೂ ಹಾಗೆಯೇ ಮಾಡಿದೆ. ಆ ಒಂದು ಅಕ್ಷರಕ್ಕೆ ಬಣ್ಣದ ಪೆನ್ಸಿಲಿನಲ್ಲಿ ಸುತ್ತು ಹಾಕಿಸಿ. ‘ನೈಫ್’ ಮೊದಲಿನ ‘ಕೆ’ಗೆ ಒಂದು ಕಥೆಯೇ ಇದೆ. ಹಿಂದೆ ಇಂಗ್ಲಿಷರು ಅದನ್ನು ಉಚ್ಚರಿಸುತ್ತಿದ್ದರು. ಸುಮಾರು 17ನೇ ಶತಮಾನದ ಹೊತ್ತಿಗೆ ಬಾಯಿಂದ ಅದು ಬಿದ್ದುಹೋಯಿತು, ಬರಹದಲ್ಲಿ ಉಳಿಯಿತು. ಇದನ್ನು ಹೇಳಿದ ದಿನ ಆ ಹುಡುಗ ತಾನಾಗಿ ‘ಕ್‌ನೈಫ್’ ಎಂದು ಹೇಳಿಕೊಂಡು ಸರಿಯಾಗಿ ಬರೆದ. ಬರೆಯುವಾಗ ಒಳಗೊಳಗೇ ಹಾಗೆ ಹೇಳಿಕೊಳ್ಳಲಿ, ಮಾತಾಡುವಾಗ ಬೇಡ.

ಕೊನೆಯ ಮೂರು ಪದಗಳು ಕ್ರಿಯಾಪದಗಳು. ಅವುಗಳ ವಿಷಯದಲ್ಲಿ ನಿಮ್ಮಷ್ಟು ಬಲ್ಲವಳು ನಾನಲ್ಲ. ‘ಬಾಯಿಲ್ ಅಂದರೆ ಕುದಿಸು’ ಎಂದು ತರಗತಿಯಲ್ಲಿ ಒಂದೇ ಅರ್ಥ ಬರೆಸಿಬಿಡುತ್ತೇವೆ. ಆದರೆ ನಿಮ್ಮ ಮನೆಯಲ್ಲಿ ನೀರು ಕುದಿಸುತ್ತೀರಿ, ಹಾಲು ಕಾಯಿಸುತ್ತೀರಿ, ಆಲೂಗಡ್ಡೆ ಬೇಯಿಸುತ್ತೀರಿ. ಈ ಮೂರಕ್ಕೂ ಇಂಗ್ಲಿಷಿನಲ್ಲಿ ‘ಬಾಯಿಲ್’ ನಡೆಯುತ್ತದೆ. ‘ಕುದಿಸು’ ಎಂದಷ್ಟೇ ಬರೆದುಕೊಂಡ ಮಗುವಿಗೆ ಮೊಟ್ಟೆ ಬೇಯಿಸುವ ಚಿತ್ರ ತೋರಿಸಿದರೆ ಪದ ಹೊಳೆಯುವುದಿಲ್ಲ. ಹಾಗೆಯೇ ದೋಸೆಹಿಟ್ಟು ಹುಯ್ಯುವುದು, ಲೋಟಕ್ಕೆ ಚಹಾ ಬಗ್ಗಿಸುವುದು, ಕೊಡದ ನೀರು ಸುರಿಯುವುದು, ಎಲ್ಲವೂ ‘ಪೋರ್’. ಬಾಳೆಹಣ್ಣು ಸುಲಿಯುವುದಕ್ಕೂ ಆಲೂಗಡ್ಡೆ ಸಿಪ್ಪೆ ಹೆರೆಯುವುದಕ್ಕೂ ‘ಪೀಲ್’ ಒಂದೇ. ಕೆಲಸ ಮಾಡುತ್ತಲೇ ‘ನಾನೀಗ ಏನು ಮಾಡ್ತಿದ್ದೀನಿ?’ ಎಂದು ಕೇಳಿ. ಒಂದು ವಾರದಲ್ಲಿ ಒಂದೇ ಪದವನ್ನು ಮೂರು ಬೇರೆ ಪಾತ್ರೆಗಳೊಡನೆ ಕೇಳಿದರೆ ಸಾಕು.

ಇನ್ನು ಯಾವ ಪದ ಯಾವಾಗ ಕೇಳಬೇಕು? ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಜಾರಿಹೋಗುತ್ತದೆ, ಆಮೇಲೆ ಜಾರುವುದು ನಿಧಾನವಾಗುತ್ತದೆ. ಆ ತಿಳಿವಳಿಕೆಗೆ ಹೊಂದುವ ಡಬ್ಬಿಯ ಉಪಾಯವನ್ನು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪುಸ್ತಕ ಬರೆದು ತಿಳಿಸಿದರು. ನಮ್ಮ ಮಕ್ಕಳಿಗೆ ಚಪ್ಪಲಿ ಡಬ್ಬಿಯೊಂದರಲ್ಲಿ ರಟ್ಟಿನ ತುಂಡಿಟ್ಟು ಮಾಡಿದ ಮೂರು ಮನೆ ಸಾಕು. ಮೊದಲ ಮನೆಯ ಕಾರ್ಡು ದಿನವೂ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿ ಸರಿ ಬರೆದ ಕಾರ್ಡು ಒಂದು ಮನೆ ಮುಂದೆ ಹೋಗುತ್ತದೆ. ತಪ್ಪಿದ್ದು ಯಾವ ಮನೆಯಲ್ಲಿದ್ದರೂ ಮೊದಲ ಮನೆಗೆ ವಾಪಸು.

ಒಬ್ಬಳು ಹುಡುಗಿಯ ಡಬ್ಬಿಯ ಲೆಕ್ಕ ಹೇಳುತ್ತೇನೆ. ಮಂಗಳವಾರ ಎಂಟರಲ್ಲಿ ಐದು ಸರಿಯಾಗಿ ಎರಡನೇ ಮನೆಗೆ ಹೋದವು. ನೈಫ್, ಸಾಲ್ಟ್, ಪೋರ್ ಉಳಿದವು. ಬುಧವಾರ ಆ ಮೂರನ್ನಷ್ಟೇ ಕೇಳಿದರು, ಸಾಲ್ಟ್ ದಾಟಿತು. ಗುರುವಾರ ಎರಡನೇ ಮನೆಯ ಐದನ್ನು ತೆಗೆದಾಗ, ಮಂಗಳವಾರ ಸುಲಭವಾಗಿದ್ದ ಪೀಲ್ ಕೈಕೊಟ್ಟಿತು. ಎರಡು ‘ಇ’ ಬದಲು ಒಂದು ‘ಐ’ ಬರೆದು ‘ಪಿಲ್’ ಮಾಡಿದ್ದಳು. ಅದು ಹಿಂದಕ್ಕೆ ಬಂತು, ಉಳಿದ ನಾಲ್ಕು ಮುಂದೆ ಹೋದವು. ನೈಫ್, ಪೋರ್ ಕೂಡ ಅಂದೇ ಮೊದಲ ಮನೆ ದಾಟಿದವು. ಹಿಂದಕ್ಕೆ ಬಂದ ಕಾರ್ಡು ನೋಡಿ ಅವಳ ತಾಯಿ ಬೇಸರ ಮಾಡಿಕೊಂಡರು. ಬೇಸರ ಬೇಡ, ಅಮ್ಮ. ಆ ಪದ ಪರೀಕ್ಷೆಯಲ್ಲಿ ತಪ್ಪುವ ಬದಲು ಮನೆಯಲ್ಲೇ ಸಿಕ್ಕಿಬಿತ್ತು. ಈ ಡಬ್ಬಿ ಇರುವುದೇ ಅದಕ್ಕೆ.

ದಿನಕ್ಕೆ ಹತ್ತು ನಿಮಿಷ ಮೀರಬೇಡಿ. ಮಗು ತೂಕಡಿಸುತ್ತಿದ್ದರೆ ಬಿಟ್ಟುಬಿಡಿ, ಕಾರ್ಡುಗಳು ನಾಳೆಯೂ ಇರುತ್ತವೆ. ಕಾಗುಣಿತ ಬಂದಮಾತ್ರಕ್ಕೆ ವಾಕ್ಯ ಬರುವುದಿಲ್ಲ. ಪದ ಸೇರಿಸಿ ಮಾತಾಡಿಸುವ ಕೆಲಸ ತರಗತಿಯಲ್ಲಿ ನನ್ನದು.

ಮುಂದಿನ ವಾರದ ಪದಗಳು ಹೊಲದವು. ಅವುಗಳಲ್ಲಿ ‘ಪ್ಲಾಂಟ್’ ಎಂಬುದಿದೆ. ಸಸಿ ನೆಡುವುದು, ಭತ್ತ ನಾಟಿ ಮಾಡುವುದು, ಕಬ್ಬಿನ ತುಂಡು ಊರುವುದು ನನಗೆ ಗೊತ್ತು. ನಿಮ್ಮ ಮನೆಯಲ್ಲಿ ಇನ್ನೇನಾದರೂ ಅನ್ನುತ್ತಿದ್ದರೆ ಶುಕ್ರವಾರ ಮಗುವಿನ ಡಬ್ಬಿಯಲ್ಲೇ ಒಂದು ಚೀಟಿ ಬರೆದು ಕಳಿಸಿ.

ನಿಮ್ಮ ಮಕ್ಕಳ ಇಂಗ್ಲಿಷ್ ಟೀಚರ್