ಸೆರೆಸಿಕ್ಕರೂ ಶಿಕ್ಷೆಯಾಗದ ಕಡಲ್ಗಳ್ಳರು

1999ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಿಂದ ಜಪಾನಿಗೆ ಹೊರಟ ‘ಅಲೊಂಡ್ರಾ ರೇನ್‌ಬೋ’ ಹಡಗು ಸುಮಾರು 7,000 ಟನ್ ಅಲ್ಯೂಮಿನಿಯಂ ಗಟ್ಟಿಗಳ ಸಮೇತ ಕಾಣೆಯಾಯಿತು. ಕಡಲ್ಗಳ್ಳರು ಅದರ 17 ಸಿಬ್ಬಂದಿಯನ್ನು ನಡುಗಡಲಲ್ಲಿ ತೆಪ್ಪಕ್ಕಿಳಿಸಿ ಕೈಬಿಟ್ಟಿದ್ದರು; ಥಾಯ್ ಮೀನುಗಾರರ ಕಣ್ಣಿಗೆ ಬಿದ್ದುದರಿಂದ ಅವರೆಲ್ಲ ಬದುಕಿಕೊಂಡರು. ನವೆಂಬರ್‌ನಲ್ಲಿ ಅಂಥದೇ ಹಡಗೊಂದು ಅರಬ್ಬಿ ಸಮುದ್ರದಲ್ಲಿ ಕಂಡಿತು. ಹೆಸರು ‘ಮೆಗಾ ರಾಮಾ’, ಬಾವುಟ ಬೆಲೀಜ್ ದೇಶದ್ದು.

ಯಾವ ದೇಶಕ್ಕೂ ಸೇರದ ಕಡಲಿನಲ್ಲಿ ಹಡಗಿನ ಮೇಲೆ ಅಧಿಕಾರವಿರುವುದು ಅದರ ಬಾವುಟದ ದೇಶಕ್ಕೆ ಮಾತ್ರ. ಬೇರೆಯವರ ಯುದ್ಧನೌಕೆ ಅದನ್ನು ಸುಮ್ಮನೆ ತಡೆಯುವಂತಿಲ್ಲ. ಆದರೆ ಕಡಲ್ಗಳ್ಳತನದ ಅಥವಾ ಹಡಗು ಯಾವ ದೇಶಕ್ಕೂ ಸೇರಿಲ್ಲವೆಂಬ ಗಟ್ಟಿ ಅನುಮಾನವಿದ್ದರೆ ಹತ್ತಿ ತಪಾಸಣೆ ಮಾಡಬಹುದು. ಮೊದಲು ಕಾಗದಪತ್ರ, ಆಮೇಲೂ ಅನುಮಾನ ಉಳಿದರೆ ಹಡಗಿನ ಶೋಧ. ತಪ್ಪೇನೂ ಮಾಡದ ಹಡಗಿನ ಮೇಲೆ ವೃಥಾ ಅನುಮಾನಪಟ್ಟಿದ್ದರೆ ನಷ್ಟ ಕಟ್ಟಿಕೊಡಬೇಕು. ಇಲ್ಲಿ ಬೆಲೀಜನ್ನೇ ವಿಚಾರಿಸಿದಾಗ, ಆ ಹೆಸರಿನ ಹಡಗು ತಮ್ಮ ನೋಂದಣಿಯಲ್ಲಿಲ್ಲ ಎಂಬ ಉತ್ತರ ಬಂತು. ಬಾವುಟದ ರಕ್ಷಣೆ ಅಲ್ಲಿಗೆ ಮುಗಿಯಿತು.

ಹಡಗು ಮಾತ್ರ ನಿಲ್ಲಲಿಲ್ಲ. ಕರಾವಳಿ ರಕ್ಷಣಾ ಪಡೆಯ ‘ತಾರಾಬಾಯಿ’ ಬೆನ್ನುಹತ್ತಿತು, ನೌಕಾಪಡೆಯ ‘ಪ್ರಹಾರ್’ ಬಂದು ಸೇರಿಕೊಂಡಿತು. ಗುಂಡಿನ ಎಚ್ಚರಿಕೆಯ ನಂತರ, ನವೆಂಬರ್ 16ರಂದು ಹಡಗು ಕೈವಶವಾಯಿತು. ಅದನ್ನು ಮುಳುಗಿಸಿ ಸಾಕ್ಷ್ಯ ಅಳಿಸುವ ಯತ್ನವೂ ನಡೆದಿತ್ತು.

ಇದನ್ನು ಕಾನೂನು ಹೇಳುವ ‘ಬಿಸಿ ಬೆನ್ನಟ್ಟುವಿಕೆ’ ಎಂದು ತಿಳಿಯುವವರುಂಟು. ಅದು ಬೇರೆ. ಕಳ್ಳಸಾಗಣೆಯಂಥ ಅಪರಾಧವನ್ನು ನಮ್ಮದೇ ಜಲಸೀಮೆಯಲ್ಲಿ ಮಾಡಿ ಓಡುವ ವಿದೇಶಿ ಹಡಗನ್ನು ಹೊರಗಡಲಿಗೂ ಅಟ್ಟಿಸಿಕೊಂಡು ಹೋಗಲು ಅದು ಅವಕಾಶ ಕೊಡುತ್ತದೆ. ‘ನಿಲ್ಲು’ ಎಂಬ ಸೂಚನೆ ಓಡುವವರಿಗೆ ಕಾಣುವಷ್ಟು ಅಥವಾ ಕೇಳುವಷ್ಟು ಹತ್ತಿರದಿಂದ ಹೋಗಿರಬೇಕು, ಬೆನ್ನಟ್ಟುವುದು ನಡುವೆ ಕಡಿದುಹೋಗಬಾರದು. ಕಡಲ್ಗಳ್ಳರನ್ನು ಹಿಡಿಯಲು ಈ ಷರತ್ತುಗಳ ಹಂಗಿಲ್ಲ. ಆದರೂ ಇಬ್ಬರಿಗೂ ಆಸರೆಯಾಗುವ ಗೆರೆಯೊಂದಿದೆ: ಮತ್ತೊಂದು ದೇಶದ 12 ನಾಟಿಕಲ್ ಮೈಲಿಯೊಳಗೆ ನುಸುಳಿದರೆ ಆ ದೇಶದ ಒಪ್ಪಿಗೆಯಿಲ್ಲದೆ ಹಿಂಬಾಲಿಸುವಂತಿಲ್ಲ. ಸೊಮಾಲಿಯಾದ ಕಡಲ್ಗಳ್ಳರು ಇದನ್ನೇ ನೆಚ್ಚಿಕೊಂಡಿದ್ದರಿಂದ 2008ರಲ್ಲಿ ಭದ್ರತಾ ಮಂಡಳಿ, ಅಲ್ಲಿನ ಸರ್ಕಾರದ ಸಮ್ಮತಿಯೊಂದಿಗೆ, ಒಳನುಗ್ಗಲು ವಿಶೇಷ ಅನುಮತಿ ಕೊಡಬೇಕಾಯಿತು.

ಕಡಲ್ಗಳ್ಳರು ಯಾವ ದೇಶದವರಾದರೂ, ಹಿಡಿದ ದೇಶ ತನ್ನ ನ್ಯಾಯಾಲಯದಲ್ಲೇ ಅವರನ್ನು ವಿಚಾರಿಸಬಹುದು. ಆದರೆ ಅಂತರರಾಷ್ಟ್ರೀಯ ಒಪ್ಪಂದ ಕೊಡುವುದು ಅಧಿಕಾರವನ್ನಷ್ಟೇ. ಅಪರಾಧ, ಶಿಕ್ಷೆಗಳನ್ನು ದೇಶದ ಕಾನೂನೇ ಹೇಳಬೇಕು. ಆಗ ಭಾರತದಲ್ಲಿ ಕಡಲ್ಗಳ್ಳತನಕ್ಕೆಂದೇ ಕಾನೂನಿರಲಿಲ್ಲ. ಮುಂಬೈನ ಸೆಷನ್ಸ್ ನ್ಯಾಯಾಲಯ 2003ರಲ್ಲಿ ದಂಡಸಂಹಿತೆಯ ಕಲಮುಗಳಡಿ ಶಿಕ್ಷೆ ಕೊಟ್ಟರೂ, 2005ರಲ್ಲಿ ಹೈಕೋರ್ಟ್ ಆರೋಪಿಗಳನ್ನು ಖುಲಾಸೆಗೊಳಿಸಿತು. ನೌಕಾಪಡೆ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಕಟಕಟೆಯಲ್ಲಿ ಸೋತಿತು.

ಆ ಕಾನೂನು ಬರಲು 2022ರವರೆಗೆ ಕಾಯಬೇಕಾಯಿತು. 2024ರ ಮಾರ್ಚ್‌ನಲ್ಲಿ ‘ರುಯೆನ್’ ಹಡಗಿನ 17 ಸಿಬ್ಬಂದಿಯನ್ನು ಬಿಡಿಸಿದ ಐಎನ್‌ಎಸ್ ಕೋಲ್ಕತಾ, ಶರಣಾದ 35 ಸೊಮಾಲಿ ಕಡಲ್ಗಳ್ಳರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿತು. ಈ ಸಲ ಹೂಡಿದ ಮೊಕದ್ದಮೆಯಲ್ಲಿ ಆ ಹೊಸ ಕಾನೂನಿನ ಕಲಮುಗಳೂ ಇದ್ದವು.