ಪ್ರಯೋಗ ವರದಿಯಲ್ಲಿ ರಾಸಾಯನಿಕ ಸೂತ್ರಗಳ ಬೆರಳಚ್ಚು

ಪ್ರಯೋಗ ವರದಿಯನ್ನು ಪದಸಂಸ್ಕಾರಕದಲ್ಲಿ ಸಿದ್ಧಪಡಿಸುವಾಗ ರಾಸಾಯನಿಕ ಸೂತ್ರಗಳ ಅಂಕಿಗಳನ್ನೂ ಅಯಾನುಗಳ ಆವೇಶವನ್ನೂ ಮಾನಗಳ ಸಂಕೇತಗಳನ್ನೂ ಅವುಗಳ ನಿಯತ ಸ್ಥಾನದಲ್ಲಿ ಮೂಡಿಸಬೇಕಾಗುತ್ತದೆ. ಸಾಲಿಗಿಂತ ತುಸು ಕೆಳಗೆ ಬರುವ ಚಿಕ್ಕ ಅಂಕಿಯನ್ನು ಸಬ್‌ಸ್ಕ್ರಿಪ್ಟ್ ಎಂದೂ ಮೇಲೆ ಬರುವುದನ್ನು ಸೂಪರ್‌ಸ್ಕ್ರಿಪ್ಟ್ ಎಂದೂ ಕರೆಯುತ್ತಾರೆ. ಇಲ್ಲಿ ಅಂಕಿಯ ಸ್ಥಾನ ಬದಲಾದರೆ ಅರ್ಥವೂ ಬದಲಾಗುತ್ತದೆ. ಆಕ್ಸಾಲಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ಗಳ ಟೈಟ್ರೇಷನ್ ವರದಿಯನ್ನು ಈ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಸೂತ್ರದ ಅಂಕಿಗಳು

ಸ್ಫಟಿಕ ರೂಪದ ಆಕ್ಸಾಲಿಕ್ ಆಮ್ಲದ ಸೂತ್ರ H₂C₂O₄·2H₂O. ಇದರಲ್ಲಿ 2 ಎಂಬ ಅಂಕಿ ನಾಲ್ಕು ಬಾರಿ ಬರುತ್ತದೆ. ಮೂರು ಕಡೆ ಅದು ಪರಮಾಣುಗಳ ಸಂಖ್ಯೆಯನ್ನು ತಿಳಿಸುವುದರಿಂದ ಸಾಲಿನ ಕೆಳಗಿರುತ್ತದೆ. ಚುಕ್ಕೆಯ ನಂತರದ 2 ನೀರಿನ ಅಣುಗಳ ಸಂಖ್ಯೆಯಾದುದರಿಂದ ಸಾಲಿನಲ್ಲಿಯೇ ಉಳಿಯಬೇಕು. ಎಲ್ಲ 2ಗಳನ್ನೂ ಒಮ್ಮೆಲೇ ಹುಡುಕಿ ಕೆಳಗಿಳಿಸುವವರು ತಪ್ಪುವುದು ಇಲ್ಲಿಯೇ. ಚುಕ್ಕೆಯೂ ಸಾಲಿನ ಬುಡದ ಪೂರ್ಣವಿರಾಮವಲ್ಲ, ಎತ್ತರದ ನಡುವೆ ನಿಲ್ಲುವ ಮಧ್ಯಬಿಂದು.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ H ಬರೆದು Ctrl ಮತ್ತು = ಕೀಲಿಗಳನ್ನು ಒಟ್ಟಿಗೆ ಒತ್ತಿ, 2 ಬರೆದು, ಅದೇ ಕೀಲಿಗಳನ್ನು ಮತ್ತೆ ಒತ್ತಿದರೆ ಬರವಣಿಗೆ ಸಾಲಿಗೆ ಮರಳುತ್ತದೆ. ಸೂಪರ್‌ಸ್ಕ್ರಿಪ್ಟ್‌ಗೆ Ctrl, Shift ಮತ್ತು = ಕೀಲಿಗಳನ್ನು ಬಳಸಬೇಕು. ಲಿಬ್ರೆಆಫೀಸ್ ರೈಟರ್‌ನಲ್ಲಿ ಕ್ರಮವಾಗಿ Ctrl+Shift+B ಮತ್ತು Ctrl+Shift+P ಕೀಲಿಗಳು ಈ ಕೆಲಸ ಮಾಡುತ್ತವೆ.

ಅಯಾನಿನ ಆವೇಶವನ್ನು ಬರೆಯುವಾಗ ಮೊದಲು ಅಂಕಿ, ಅನಂತರ ಚಿಹ್ನೆ ಬರುತ್ತದೆ. ಮ್ಯಾಂಗನೀಸ್ ಅಯಾನನ್ನು Mn²⁺ ಎಂದು ಬರೆಯಬೇಕೇ ಹೊರತು ಚಿಹ್ನೆಯನ್ನು ಮುಂದಿಟ್ಟು ಬರೆಯಬಾರದು. ಉತ್ಕರ್ಷಣ ಸಂಖ್ಯೆಯಲ್ಲಿ ಕ್ರಮ ತಿರುಗುತ್ತದೆ: ಪರ್ಮ್ಯಾಂಗನೇಟಿನಲ್ಲಿ ಮ್ಯಾಂಗನೀಸಿನದು +7.

ರೂಪ ಕಳಚುವ ಬಗೆ

ಮೇಲಿನ ಕೀಲಿಗಳು ಅಂಕಿಯ ತೋರಿಕೆಯನ್ನು ಮಾತ್ರ ಬದಲಾಯಿಸುತ್ತವೆ. ಒಳಗಿರುವುದು ಸಾಮಾನ್ಯ ಅಂಕಿಯೇ. ಆದುದರಿಂದ ಬರಹವನ್ನು ಸರಳ ಪಠ್ಯವಾಗಿ ಬೇರೆಡೆಗೆ ನಕಲಿಸಿದಾಗ ಈ ರೂಪ ಕಳಚಿಹೋಗುತ್ತದೆ. 10⁻³ ಎಂಬುದು 10-3 ಆಗಿ, ಹತ್ತರಲ್ಲಿ ಮೂರು ಕಳೆದಂತೆ ಕಾಣುತ್ತದೆ. ಮುದ್ರಿಸಿ ಒಪ್ಪಿಸುವ ವರದಿಗೆ ಇದರಿಂದ ತೊಂದರೆಯಿಲ್ಲ. ಮಿಂಚಂಚೆಗೋ ಜಾಲತಾಣದ ಅರ್ಜಿಗೋ ನಕಲಿಸಬೇಕಾದ ಬರಹದಲ್ಲಿ ಯೂನಿಕೋಡಿನ ಪ್ರತ್ಯೇಕ ಅಕ್ಷರಗಳನ್ನು ಬಳಸುವುದು ಸುರಕ್ಷಿತ. 2080ರಿಂದ 2089ರವರೆಗಿನ ಸಂಕೇತಗಳು ₀ಯಿಂದ ₉ವರೆಗಿನ ಅಂಕಿಗಳಿಗೆ ಸೇರಿವೆ. ವರ್ಡ್‌ನಲ್ಲಿ 2082 ಎಂದು ಬರೆದು, ಆ ನಾಲ್ಕು ಅಂಕಿಗಳನ್ನಷ್ಟೇ ಆಯ್ದು Alt+X ಒತ್ತಿದರೆ ₂ ಮೂಡುತ್ತದೆ. ಆಯ್ದುಕೊಳ್ಳದಿದ್ದರೆ ಹಿಂದೆ ಅಂಟಿಕೊಂಡಿರುವ ಅಂಕಿಯೂ ಸಂಕೇತದೊಳಗೆ ಸೇರಿಬಿಡಬಹುದು.

ಮಾನಗಳ ಸಂಕೇತಗಳು

ಈ ಟೈಟ್ರೇಷನ್ನಿನಲ್ಲಿ ಆಮ್ಲದ ದ್ರಾವಣವನ್ನು ಸುಮಾರು 60 °Cಗೆ ಕಾಯಿಸುತ್ತಾರೆ. ಡಿಗ್ರಿ ಚಿಹ್ನೆಗೆ ಬದಲಾಗಿ ಸೊನ್ನೆಯನ್ನು ಮೇಲಕ್ಕೇರಿಸಿ ಬರೆದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ರೂಪ ಕಳಚಿದಾಗ ಮಾತ್ರ ಅದು 600 C ಆಗುತ್ತದೆ. ನಿಜವಾದ ಡಿಗ್ರಿ ಚಿಹ್ನೆಯ ಸಂಕೇತ 00B0. ಸಂಖ್ಯೆಗೂ ಮಾನಕ್ಕೂ ನಡುವೆ ಒಂದು ತೆರಪು ಇರಬೇಕು. ಅದನ್ನು Ctrl+Shift+Space ಒತ್ತಿ ಬರೆದರೆ ಸಾಲಿನ ಕೊನೆಯಲ್ಲಿ 60 ಒಂದು ಕಡೆ, °C ಇನ್ನೊಂದು ಕಡೆ ಆಗುವುದಿಲ್ಲ.

ಮೈಕ್ರೋ ಚಿಹ್ನೆಯಲ್ಲಿ ಅಪಾಯ ಇನ್ನೂ ಹೆಚ್ಚು. ಸಿಂಬಲ್ ಎಂಬ ಫಾಂಟಿನಲ್ಲಿ m ಕೀಲಿ ಒತ್ತಿದರೆ μ ಕಾಣುತ್ತದೆ, ಆದರೆ ಫಾಂಟ್ ಬದಲಾದೊಡನೆ ಅದು ಮತ್ತೆ m ಆಗುತ್ತದೆ. ಆಗ 5 µg ಎಂಬುದು 5 mg ಆಗಿ ಪ್ರಮಾಣ ಸಾವಿರ ಪಟ್ಟು ಹೆಚ್ಚುತ್ತದೆ. ಓದುಗನಿಗೆ ಅನುಮಾನವೂ ಬಾರದು. 00B5 ಎಂಬ ಸಂಕೇತದಿಂದ ಬರುವ µ ಹೀಗೆ ಬದಲಾಗದು. ಕನ್ನಡದ ಹಳೆಯ ಆಸ್ಕಿ ಫಾಂಟುಗಳಲ್ಲಿಯೂ ಇದೇ ತೊಡಕಿದೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳಿರುವುದರಿಂದ, ಇಡೀ ವರದಿಗೆ ಆ ಫಾಂಟನ್ನು ಅನ್ವಯಿಸಿದರೆ ಸೂತ್ರಗಳು ಅರ್ಥವಿಲ್ಲದ ಕನ್ನಡ ತುಣುಕುಗಳಾಗುತ್ತವೆ.

ಪರಿಶೀಲನೆ

0.05 M ಆಕ್ಸಾಲಿಕ್ ಆಮ್ಲವನ್ನು 250 mL ತಯಾರಿಸಲು, ಮೋಲಾರ್ ರಾಶಿ 126.07 g mol⁻¹ ಆಗಿರುವುದರಿಂದ, 1.576 g ತೂಗಬೇಕು. ಈ ವಾಕ್ಯವನ್ನು ನೋಟ್‌ಪ್ಯಾಡಿಗೆ ನಕಲಿಸಿ, ಸರಳ ಪಠ್ಯದಲ್ಲಿ ಏನು ಉಳಿಯುತ್ತದೆಂದು ನೋಡಬಹುದು. ಘಾತವನ್ನು ಕೀಲಿಗಳಿಂದ ಮೇಲಕ್ಕೇರಿಸಿದ್ದರೆ mol-1 ಎಂದು ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದಿದ್ದರೆ mol⁻¹ ಹಾಗೆಯೇ ಇರುತ್ತದೆ. ಸೊನ್ನೆಯಿಂದ ಮಾಡಿದ ಡಿಗ್ರಿಯೂ ಸಿಂಬಲ್ ಫಾಂಟಿನ μ ಕೂಡ ಇಲ್ಲಿ ತಮ್ಮ ನಿಜರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಆದರೆ ಚುಕ್ಕೆಯ ನಂತರದ 2 ತಪ್ಪಾಗಿ ಕೆಳಗಿಳಿದಿದ್ದರೆ ಅದನ್ನು ಈ ಪರೀಕ್ಷೆ ತೋರಿಸಲಾರದು; ಅದನ್ನು ಮುದ್ರಿತ ಪ್ರತಿಯಲ್ಲಿ ಕಣ್ಣಿನಿಂದಲೇ ನೋಡಬೇಕಾಗುತ್ತದೆ.