‘ಮನೆಯಲ್ಲೇ ಕುಳಿತು ಆದಾಯ’ ಎಂಬ ಸರಪಳಿ: ಹಣ ಎಲ್ಲಿಂದ ಬರುತ್ತದೆ ಎಂಬುದೇ ಪರೀಕ್ಷೆ

ಗ್ರಾಮಗಳಲ್ಲಿ ‘ಚೈನ್ ಸ್ಕೀಮ್’ ಎಂದೇ ಪರಿಚಿತವಾಗಿದ್ದ ಸರಪಳಿ ಯೋಜನೆಗಳು ಈಗ ಆ ಹೆಸರಿನಲ್ಲಿ ಬರುತ್ತಿಲ್ಲ. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿನ ಮೂಲಕ ‘ಪಾರ್ಟ್‌ಟೈಮ್ ಕೆಲಸ’, ‘ವಿಡಿಯೊ ನೋಡಿ ಹಣ ಗಳಿಸಿ’, ‘ಡಿಜಿಟಲ್ ಕೋರ್ಸ್’ ಎಂಬ ಹೆಸರುಗಳಲ್ಲಿ ಅವು ಮನೆಬಾಗಿಲಿಗೆ ಬರುತ್ತಿವೆ. ಸಂದೇಶ ಕಳುಹಿಸುವವರು ಅಪರಿಚಿತರಲ್ಲ. ಬಹುತೇಕ ಸಂದರ್ಭಗಳಲ್ಲಿ ಅವರು ಸಂಬಂಧಿಕರು, ಸ್ವಸಹಾಯ ಸಂಘದ ಸದಸ್ಯರು ಅಥವಾ ಊರಿನ ವಿದ್ಯಾವಂತ ಯುವಕರೇ ಆಗಿರುತ್ತಾರೆ. ಇಂತಹ ಯೋಜನೆ ಸಕ್ರಮವೇ ಅಲ್ಲವೇ ಎಂಬ ಪ್ರಶ್ನೆಯೊಂದಿಗೆ ಗ್ರಾಮಸ್ಥರು ಮೊದಲು ಬರುವುದು ತಮ್ಮ ವಾರ್ಡಿನ ಸದಸ್ಯರ ಬಳಿಗೆ. ಆದುದರಿಂದ ಅದನ್ನು ಗುರುತಿಸುವ ಕ್ರಮವನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಇದಕ್ಕೆ ತಾಂತ್ರಿಕ ಪರಿಣತಿ ಬೇಕಾಗಿಲ್ಲ. ಒಂದೇ ಪ್ರಶ್ನೆ ಸಾಕು: ಸದಸ್ಯನಿಗೆ ಕೊಡುವ ಹಣ ಯಾರಿಂದ ಬರುತ್ತಿದೆ? ವಸ್ತುವನ್ನೋ ಸೇವೆಯನ್ನೋ ನಿಜವಾಗಿ ಬಳಸುವ ಗ್ರಾಹಕನಿಂದ ಬರುತ್ತಿದ್ದರೆ ಅದು ವ್ಯಾಪಾರ. ಮುಂದೆ ಸೇರುವ ಸದಸ್ಯನ ಶುಲ್ಕದಿಂದ ಬರುತ್ತಿದ್ದರೆ, ಹೆಸರು ಏನೇ ಇರಲಿ, ಅದು ಸರಪಳಿ ಯೋಜನೆ.

ಹಿಂದೆ ನಡೆದ ಒಂದು ಪ್ರಕರಣ

2010–11ರಲ್ಲಿ ದೇಶದ ಅನೇಕ ರಾಜ್ಯಗಳಲ್ಲಿ ಹರಡಿದ್ದ ‘ಸ್ಪೀಕ್ ಏಷ್ಯಾ’ ಯೋಜನೆ ಇದಕ್ಕೆ ತಕ್ಕ ಉದಾಹರಣೆ. ಒಂದು ವರ್ಷದ ಸದಸ್ಯತ್ವಕ್ಕೆ 11,000 ರೂಪಾಯಿ ಪಾವತಿಸಿದವರಿಗೆ ವಾರಕ್ಕೆ ಎರಡು ಆನ್‌ಲೈನ್ ಸಮೀಕ್ಷೆಗಳು ದೊರೆಯುತ್ತಿದ್ದವು. ಪ್ರತಿ ಸಮೀಕ್ಷೆಗೆ 500 ರೂಪಾಯಿ ಎಂಬುದು ಭರವಸೆ. ಹೊಸಬರನ್ನು ಸೇರಿಸಿದರೆ ಪ್ರತ್ಯೇಕ ಕಮಿಷನ್ ಇತ್ತು. ಈ ಲೆಕ್ಕದಂತೆ ವರ್ಷಕ್ಕೆ 52,000 ರೂಪಾಯಿ ಕೈಸೇರಬೇಕಾಗಿತ್ತು. ಕೆಲವು ನಿಮಿಷಗಳಲ್ಲಿ ಮುಗಿಯುವ ಪ್ರಶ್ನಾವಳಿಗೆ ಇಷ್ಟು ಹಣ ಕೊಡುವ ಗ್ರಾಹಕ ಯಾರು ಎಂದು ಬಹುತೇಕರು ಕೇಳಲಿಲ್ಲ. ಸಂಸ್ಥೆಯು ತನ್ನ ಗ್ರಾಹಕರೆಂದು ಹೆಸರಿಸಿದ್ದ ಕೆಲವು ಕಂಪನಿಗಳು ತಮಗೆ ಅದರೊಂದಿಗೆ ಸಂಬಂಧವಿಲ್ಲವೆಂದು ತಿಳಿಸಿದವು. 2011ರಲ್ಲಿ ಮುಂಬಯಿ ಪೊಲೀಸರ ಆರ್ಥಿಕ ಅಪರಾಧಗಳ ವಿಭಾಗವು ಪ್ರಕರಣವನ್ನು ಕೈಗೆತ್ತಿಕೊಂಡಿತು. ಪಾವತಿ ನಿಂತಿತು, ಕೊನೆಗೆ ಸೇರಿದವರ ಹಣ ಸಿಕ್ಕಿಕೊಂಡಿತು.

ಇಂದಿನ ಆ್ಯಪ್‌ಗಳಲ್ಲಿ ಸಮೀಕ್ಷೆಯ ಸ್ಥಾನಕ್ಕೆ ವಿಡಿಯೊ ‘ಲೈಕ್’ ಮಾಡುವುದು, ಹೋಟೆಲುಗಳಿಗೆ ಅಂಕ ನೀಡುವುದು ಬಂದಿವೆ. ಒಳಗಿನ ಲೆಕ್ಕ ಬದಲಾಗಿಲ್ಲ.

ಲೆಕ್ಕ ಹಾಕಿ ನೋಡುವ ಕ್ರಮ

ಸಾಮಾನ್ಯವಾಗಿ ಕಂಡುಬರುವ ಮಾದರಿಯೊಂದನ್ನು ತೆಗೆದುಕೊಳ್ಳೋಣ. ಸದಸ್ಯತ್ವ ಶುಲ್ಕ 3,000 ರೂಪಾಯಿ. ದಿನಕ್ಕೆ ಹತ್ತು ‘ಟಾಸ್ಕ್’ಗಳು, ಒಂದಕ್ಕೆ 10 ರೂಪಾಯಿಯಂತೆ ದಿನಕ್ಕೆ 100 ರೂಪಾಯಿ. ಹೊಸಬರೊಬ್ಬರನ್ನು ಸೇರಿಸಿದರೆ ಸೇರಿಸಿದವರಿಗೆ 500 ರೂಪಾಯಿ.

ಒಂದು ಗ್ರಾಮದಲ್ಲಿ 100 ಜನ ಏಕಕಾಲಕ್ಕೆ ಸೇರಿದರೆಂದು ಭಾವಿಸಿದರೆ ಸಂಗ್ರಹವಾಗುವ ಹಣ 3,00,000 ರೂಪಾಯಿ. ಇದರಲ್ಲಿ 50,000 ರೂಪಾಯಿ ಸೇರ್ಪಡೆಯ ಕಮಿಷನ್‌ಗೆ ಹೋಗುತ್ತದೆ. ಉಳಿದ 2,50,000 ರೂಪಾಯಿಯಿಂದ ದಿನಕ್ಕೆ 10,000 ರೂಪಾಯಿಯಂತೆ ‘ಟಾಸ್ಕ್’ ಹಣ ಕೊಡುತ್ತಾ ಹೋದರೆ ಅದು 25 ದಿನಗಳಿಗೆ ಮುಗಿಯುತ್ತದೆ. ನಡೆಸುವವರು ತಮಗಾಗಿ ಒಂದು ರೂಪಾಯಿಯನ್ನೂ ಇಟ್ಟುಕೊಳ್ಳದಿದ್ದರೆ ಮಾತ್ರ ಈ ಲೆಕ್ಕ. 26ನೆಯ ದಿನದಿಂದ ಹಳೆಯವರಿಗೆ ಹಣ ಕೊಡಲು ಪ್ರತಿದಿನ ಕನಿಷ್ಠ ನಾಲ್ವರು ಹೊಸಬರು ಬೇಕು. ಹತ್ತು ದಿನಗಳಲ್ಲಿ 40 ಜನ ಸೇರಿದರೆ ಅವರಿಗೂ ದಿನಕ್ಕೆ 100 ರೂಪಾಯಿ ಕೊಡಬೇಕಾಗುವುದರಿಂದ, ಆಗ ದಿನಕ್ಕೆ ಆರು ಜನ ಬೇಕಾಗುತ್ತಾರೆ. ಸೇರಿದವರು ಹೆಚ್ಚಿದಂತೆ ಸಾಲವೂ ಹೆಚ್ಚುತ್ತದೆ.

ಊರಿನಲ್ಲಿ ಎಷ್ಟು ಜನ ಸೇರಲು ಸಾಧ್ಯ ಎಂಬುದು ಇನ್ನೊಂದು ಲೆಕ್ಕ. ಒಬ್ಬೊಬ್ಬರೂ ಮೂವರನ್ನು ಸೇರಿಸುತ್ತಾ ಹೋದರೆ ಹಂತಗಳು 1, 3, 9, 27, 81, 243, 729, 2,187 ಎಂದು ಬೆಳೆಯುತ್ತವೆ. ಅದರ ಮುಂದಿನ ಹಂತಕ್ಕೆ 6,561 ಜನ ಬೇಕು. ಅಂದರೆ ಆರು ಸಾವಿರ ಜನಸಂಖ್ಯೆಯ ಪಂಚಾಯಿತಿಯಲ್ಲಿ ತೊಟ್ಟಿಲ ಮಗುವಿನವರೆಗೆ ಎಲ್ಲರೂ ಸೇರಿದರೂ ಸಾಲದು. ಎಂಟನೆಯ ಹಂತದಲ್ಲಿ ಸರಪಳಿ ನಿಂತರೆ ಒಟ್ಟು 3,280 ಸದಸ್ಯರಲ್ಲಿ 2,187 ಮಂದಿಯ ಕೆಳಗೆ ಯಾರೂ ಇರುವುದಿಲ್ಲ. ಸೇರಿದ ಮೂವರಲ್ಲಿ ಇಬ್ಬರಿಗೆ ನಷ್ಟ ಎಂಬುದು ಆಕಸ್ಮಿಕವಲ್ಲ. ಯೋಜನೆಯ ರಚನೆಯಲ್ಲೇ ಅದು ಅಡಗಿದೆ.

‘ನಮ್ಮೂರಿನವರಿಗೆ ಹಣ ಬಂದಿದೆಯಲ್ಲ’ ಎಂಬ ವಾದ

ಎಚ್ಚರಿಕೆ ಹೇಳಿದಾಗ ಸದಸ್ಯರಿಗೆ ಎದುರಾಗುವ ಮೊದಲ ಉತ್ತರ ಇದು. ಮೊದಲು ಸೇರಿದವರಿಗೆ ಹಣ ಬಂದಿರುವುದು ನಿಜವೇ ಆಗಿರುತ್ತದೆ. ಮೇಲಿನ ಲೆಕ್ಕದಲ್ಲಿಯೂ ಮೊದಲ 25 ದಿನ ಎಲ್ಲರಿಗೂ ಹಣ ಬರುತ್ತದೆ. ಆದರೆ ಅದು ಗಳಿಕೆಯಲ್ಲ. ಅವರದೇ ಶುಲ್ಕದ ಒಂದು ಭಾಗ ಮರಳಿ ಬಂದದ್ದು. ಆ ನಂಬಿಕೆಯ ಮೇಲೆ ಅವರು ಸಂಘದ ಸಾಲ ತೆಗೆದು, ಒಡವೆ ಗಿರವಿ ಇಟ್ಟು ಹೆಚ್ಚಿನ ‘ವಿಐಪಿ’ ದರ್ಜೆಗೆ ಹಣ ಕಟ್ಟುತ್ತಾರೆ. ನೆರೆಯವರನ್ನೂ ಕರೆತರುತ್ತಾರೆ.

ಯೋಜನೆ ಕುಸಿಯುವ ಹಂತ ತಲುಪಿದಾಗ ಲಕ್ಷಣಗಳು ಹಣ ಹಿಂತೆಗೆಯುವಾಗಲೇ ಕಾಣಿಸಿಕೊಳ್ಳುತ್ತವೆ. ಆ್ಯಪ್‌ನ ‘ವ್ಯಾಲೆಟ್’ನಲ್ಲಿ ಮೊತ್ತ ಏರುತ್ತಲೇ ಇರುತ್ತದೆ, ಆದರೆ ಬ್ಯಾಂಕ್ ಖಾತೆಗೆ ಬರುವುದಿಲ್ಲ. ಮೊದಲು ‘ಸರ್ವರ್ ದುರಸ್ತಿ’ ಎನ್ನುತ್ತಾರೆ. ಬಳಿಕ ಇನ್ನಿಬ್ಬರನ್ನು ಸೇರಿಸಿದರೆ ಮಾತ್ರ ಹಣ ಎಂಬ ನಿಯಮ ಬರುತ್ತದೆ. ಕೊನೆಗೆ ‘ತೆರಿಗೆ’ ಎಂದು ಮುಂಗಡ ಕೇಳುತ್ತಾರೆ. ಕೊಡಬೇಕಾದ ಹಣದಲ್ಲೇ ಕಡಿತ ಮಾಡದೆ, ಹಣ ಪಡೆಯಲು ಮೊದಲು ಹಣ ಕಟ್ಟಿರಿ ಎನ್ನುವುದು ವಂಚನೆಯ ಸ್ಪಷ್ಟ ಗುರುತು. ಶುಲ್ಕವನ್ನು ಕಂಪನಿಯ ಖಾತೆಗೆ ಬದಲಾಗಿ ಆಗಾಗ ಬದಲಾಗುವ ವೈಯಕ್ತಿಕ ಯುಪಿಐ ವಿಳಾಸಗಳಿಗೆ ಕಳುಹಿಸಲು ಹೇಳುವುದು, ಆ್ಯಪ್ ಅನ್ನು ಪ್ಲೇಸ್ಟೋರ್‌ಗೆ ಬದಲಾಗಿ ಲಿಂಕ್ ಮೂಲಕ ಹಾಕಿಕೊಳ್ಳಲು ಹೇಳುವುದು ಸಹ ಇಂತಹ ಗುರುತುಗಳೇ.

ವಸ್ತುವಿನ ಮರೆಯಲ್ಲಿ ಸರಪಳಿ

ನೇರ ಮಾರಾಟ ಕಾನೂನುಬಾಹಿರವಲ್ಲ. ಆದರೆ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳು, 2021ರ ಪ್ರಕಾರ ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ಯೋಜನೆ ನಡೆಸುವಂತಿಲ್ಲ. ಮಾರಾಟಗಾರರಾಗಿ ಸೇರುವವರಿಂದ ಪ್ರವೇಶ ಶುಲ್ಕ ಅಥವಾ ನೋಂದಣಿ ಶುಲ್ಕ ಪಡೆಯುವಂತಿಲ್ಲ. ಲಿಖಿತ ಒಪ್ಪಂದ ಇರಬೇಕು. ಆದಾಯ ದೊರೆಯಬೇಕಾದದ್ದು ಮಾರಾಟದಿಂದ. ಜನರನ್ನು ಸೇರಿಸಿದ್ದಕ್ಕಾಗಿ ಅಲ್ಲ.

ಇದನ್ನು ತಪ್ಪಿಸಲು ಶುಲ್ಕವನ್ನು ‘ಶುಲ್ಕ’ ಎನ್ನದೆ ‘ಕಿಟ್’ ಅಥವಾ ‘ಕೋರ್ಸ್’ ಬೆಲೆ ಎನ್ನುತ್ತಾರೆ. ಅಲ್ಲಿ ಕೇಳಬೇಕಾದದ್ದು ಇಷ್ಟೇ: ಸದಸ್ಯನಾಗುವ ಉದ್ದೇಶವೇ ಇಲ್ಲದವನು ಈ ವಸ್ತುವನ್ನು ಈ ಬೆಲೆಗೆ ಕೊಳ್ಳುವನೇ? ಕೊಳ್ಳಲಾರನೆಂದಾದರೆ ಆ ವಸ್ತು ಮುಖವಾಡ ಮಾತ್ರ. ಜಿಎಸ್‌ಟಿ ಸಂಖ್ಯೆ, ಕಂಪನಿ ನೋಂದಣಿ ಪತ್ರ ಮತ್ತು ಉದ್ಯಮ್ ಪ್ರಮಾಣಪತ್ರಗಳನ್ನು ತೋರಿಸಿ ‘ಸರ್ಕಾರದ ಅನುಮತಿ ಇದೆ’ ಎನ್ನುವುದೂ ಉಂಟು. ಇವು ನೋಂದಣಿಯ ದಾಖಲೆಗಳೇ ಹೊರತು ಸಾರ್ವಜನಿಕರಿಂದ ಹಣ ಸಂಗ್ರಹಿಸಲು ನೀಡಿದ ಅನುಮತಿಯಲ್ಲ.

ಸೇರಿಸಿದವರ ಹೊಣೆ

ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳ (ನಿಷೇಧ) ಅಧಿನಿಯಮ, 1978ರ 3ನೆಯ ಪ್ರಕರಣವು ಇಂತಹ ಯೋಜನೆ ನಡೆಸುವುದನ್ನಷ್ಟೇ ಅಲ್ಲದೆ, ಸದಸ್ಯರಾಗಿ ಸೇರುವುದನ್ನೂ ಅದಕ್ಕಾಗಿ ಹಣ ಪಡೆಯುವುದನ್ನೂ ನಿಷೇಧಿಸುತ್ತದೆ. ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು. ಕಮಿಷನ್ ಆಸೆಯಿಂದ ಹತ್ತು ಮನೆಗಳನ್ನು ಸೇರಿಸಿದ ಯುವಕ ತಾನೂ ಹಣ ಕಳೆದುಕೊಂಡಿರುತ್ತಾನೆ. ಅದೇ ವೇಳೆ ಆ ಹತ್ತು ಮನೆಗಳ ದೂರಿನಲ್ಲಿ ಮೊದಲ ಹೆಸರು ಅವನದೇ ಆಗಿರುತ್ತದೆ. ತನ್ನ ಬ್ಯಾಂಕ್ ಖಾತೆಯನ್ನು ಇತರರ ಹಣ ಸ್ವೀಕರಿಸಲು ಕೊಟ್ಟಿದ್ದರೆ ಆ ಖಾತೆಯೇ ಸ್ಥಗಿತಗೊಳ್ಳಬಹುದು.

ಇದೇ ಅಧಿನಿಯಮದ 5ನೆಯ ಪ್ರಕರಣದಂತೆ ಯೋಜನೆಯ ಪ್ರಚಾರ ಪತ್ರ ಹಂಚುವುದು ಮತ್ತು ತಿಳಿದೂ ಸ್ಥಳ ಬಳಸಲು ಬಿಡುವುದು ಸಹ ಅಪರಾಧ. ‘ಉದ್ಯೋಗ ಮಾಹಿತಿ ಶಿಬಿರ’, ‘ಮಹಿಳಾ ಸಬಲೀಕರಣ ಕಾರ್ಯಕ್ರಮ’ ಎಂಬ ಹೆಸರಿನಲ್ಲಿ ಪಂಚಾಯಿತಿ ಸಭಾಂಗಣ ಅಥವಾ ಸಮುದಾಯ ಭವನ ಕೋರಿ ಅರ್ಜಿ ಬಂದಾಗ, ಅಲ್ಲಿ ಶುಲ್ಕ ಸಂಗ್ರಹವಿದೆಯೇ, ಜನರನ್ನು ಸೇರಿಸಿದ್ದಕ್ಕೆ ಕಮಿಷನ್ ಇದೆಯೇ ಎಂಬುದನ್ನು ಲಿಖಿತವಾಗಿ ಪಡೆಯುವುದು ಸೂಕ್ತ. ಸದಸ್ಯರು ಅತಿಥಿಗಳಾಗಿ ವೇದಿಕೆಯಲ್ಲಿ ಕುಳಿತ ಒಂದು ಛಾಯಾಚಿತ್ರವೇ ಮುಂದೆ ಯೋಜನೆಯ ಜಾಹೀರಾತಾಗುತ್ತದೆ.

ಹಣ ಕಳೆದುಕೊಂಡವರು ಬಂದಾಗ

ಮೊದಲ ಕೆಲಸ 1930 ಸಹಾಯವಾಣಿಗೆ ಕರೆ ಮಾಡಿಸುವುದು ಅಥವಾ cybercrime.gov.in ತಾಣದಲ್ಲಿ ದೂರು ದಾಖಲಿಸುವುದು. ಹಣ ಇನ್ನೂ ಎದುರು ಖಾತೆಯಲ್ಲಿ ಇರುವಾಗಲೇ ದೂರು ತಲುಪಿದರೆ ಅದನ್ನು ತಡೆಹಿಡಿಯಲು ಸಾಧ್ಯ. ಆದಕಾರಣ ಇಲ್ಲಿ ಗಂಟೆಗಳೂ ಮುಖ್ಯ. ಕೆಲವು ವಾರ ಕಳೆದಿದ್ದರೆ ಹಣ ಹಲವು ಖಾತೆ ದಾಟಿರುತ್ತದೆ. ಆಗ ಮರಳಿ ಸಿಗುವ ಸಾಧ್ಯತೆ ಕಡಿಮೆ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ಆದರೂ ದೂರು ಕೊಡಿಸಬೇಕು.

ನಾಚಿಕೆಯಿಂದಲೋ ಕೋಪದಿಂದಲೋ ಅನೇಕರು ಆ್ಯಪ್ ಅಳಿಸಿ ಗುಂಪಿನಿಂದ ಹೊರಬರುತ್ತಾರೆ. ಅದರಿಂದ ಸಾಕ್ಷ್ಯ ನಾಶವಾಗುತ್ತದೆ. ಅದಕ್ಕೆ ಮೊದಲು ಗುಂಪಿನ ಸಂದೇಶಗಳು, ಹಣ ಕಳುಹಿಸಿದ ಯುಪಿಐ ವಿಳಾಸಗಳು ಮತ್ತು ಪ್ರತಿ ಪಾವತಿಯ ಯುಟಿಆರ್ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿರಿಸಿಕೊಳ್ಳಬೇಕು. ಇವುಗಳೊಂದಿಗೆ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಅಥವಾ ಸಮೀಪದ ಠಾಣೆಗೆ ಲಿಖಿತ ದೂರು ನೀಡಬಹುದು. ಅಕ್ರಮವಾಗಿ ಠೇವಣಿ ಸಂಗ್ರಹಿಸುವವರ ಬಗ್ಗೆ ರಿಸರ್ವ್ ಬ್ಯಾಂಕಿನ sachet.rbi.org.in ತಾಣದಲ್ಲಿಯೂ ಮಾಹಿತಿ ನೀಡಲು ಅವಕಾಶವಿದೆ. ‘ಹೋದ ಹಣ ಮರಳಿ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ಬರುವ ಕರೆಗಳು ಅದೇ ವಂಚನೆಯ ಎರಡನೆಯ ಭಾಗ ಎಂಬುದನ್ನೂ ದೂರುದಾರರಿಗೆ ತಿಳಿಸತಕ್ಕದ್ದು.

ಮುಂದಿನ ಗ್ರಾಮಸಭೆಯಲ್ಲಿ ಮತ್ತು ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ 100 ಸದಸ್ಯರು ಮತ್ತು 25 ದಿನಗಳ ಮೇಲಿನ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಬಹುದು. ಊರಿನಲ್ಲಿ ನಡೆಯುತ್ತಿರುವ ಯೋಜನೆಯ ಶುಲ್ಕ ಮತ್ತು ದಿನದ ಮೊತ್ತವನ್ನು ಅದೇ ಲೆಕ್ಕದಲ್ಲಿ ಇಟ್ಟರೆ, ಅದು ಎಷ್ಟು ದಿನ ನಡೆಯಬಲ್ಲದು ಎಂಬುದು ಸಭೆಯಲ್ಲಿರುವವರಿಗೇ ತಿಳಿಯುತ್ತದೆ.